ನಾಲ್ಕು ಚೌಕದ ಕಾಮಿಕ್‌ಗೆ ಪ್ರಾಂಪ್ಟ್ ಬರೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಎಐ ಚಿತ್ರ ಸಾಧನಗಳಿಂದ ಚಿಕ್ಕ ಕಾಮಿಕ್ ಸ್ಟ್ರಿಪ್ ಮಾಡಿಸಲು ಹೊರಟವರು ಪತ್ರಗಳಲ್ಲಿ, ಮಾತುಕತೆಯಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಬಣ್ಣ, ಶೈಲಿ, ಹಕ್ಕುಸ್ವಾಮ್ಯ ಇವು ಇಲ್ಲಿನ ವಿಷಯವಲ್ಲ. ಪುಟದಲ್ಲಿ ಎಷ್ಟು ಚೌಕ, ಪ್ರತಿ ಚೌಕದಲ್ಲಿ ಕ್ಯಾಮೆರಾ ಎಲ್ಲಿ, ಮಾತಿನ ಬಲೂನಿಗೆ ಜಾಗ ಎಲ್ಲಿ ಎಂಬ ಮೂರೇ ಸಂಗತಿಗಳಿವೆ.

## ಶುರು ಮಾಡುವವರಿಗೆ

"ನಾಲ್ಕು ಪ್ಯಾನೆಲ್‌ಗಳ ಕಾಮಿಕ್" ಎಂದು ಸ್ಪಷ್ಟವಾಗಿ ಬರೆದಿದ್ದೇನೆ. ಒಮ್ಮೆ ಐದು ಬರುತ್ತದೆ, ಒಮ್ಮೆ ಆರು. ಇನ್ನೂ ಎಷ್ಟು ಸ್ಪಷ್ಟವಾಗಿ ಹೇಳಬೇಕು?

ಸಂಖ್ಯೆಯನ್ನು ಹೇಳಿದ್ದೀರಿ, ಆಕಾರವನ್ನು ಹೇಳಿಲ್ಲ. ಈ ಸಾಧನಗಳು ಒಂದು, ಎರಡು ಎಂದು ಎಣಿಸುತ್ತ ಗೆರೆ ಎಳೆಯುವುದಿಲ್ಲ. ಕಾಮಿಕ್ ಪುಟವೆಂದರೆ ಸುಮಾರಾಗಿ ಹೀಗಿರುತ್ತದೆ ಎಂಬ ಅಂದಾಜಿನ ಮೇಲೆ ಇಡೀ ಪುಟವನ್ನು ಒಟ್ಟಿಗೇ ಮೂಡಿಸುತ್ತವೆ. ಅವು ಕಲಿತ ಪುಟಗಳಲ್ಲಿ ಐದಾರು ಚೌಕಗಳಿರುವಂಥವೇ ಹೇರಳವಾಗಿರುವುದರಿಂದ, "ನಾಲ್ಕು" ಎಂಬ ಒಂಟಿ ಪದದ ಎಳೆತ ಸಾಲುವುದಿಲ್ಲ. ಅದರ ಬದಲು "ಎರಡು ಸಾಲು, ಪ್ರತಿ ಸಾಲಿನಲ್ಲಿ ಎರಡು ಪ್ಯಾನೆಲ್, ನಾಲ್ಕೂ ಒಂದೇ ಅಳತೆಯ ಚೌಕ, ನಡುವೆ ಸಮನಾದ ಬಿಳಿ ಪಟ್ಟಿ" ಎಂದು ಬರೆಯಿರಿ. ಈಗ ನೀವು ಕೊಟ್ಟಿರುವುದು ಒಂದು ಚಿತ್ರಣ. ಚಿತ್ರಣವನ್ನು ಪಾಲಿಸುವುದು ಅವಕ್ಕೆ ಸುಲಭ.

ಇನ್ನೊಂದು ಕಾರಣ ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ನಾಲ್ಕು ಚೌಕ ಕೇಳಿ, ಕೆಳಗೆ ಬರೆದ ಕಥೆಯಲ್ಲಿ ಆರು ಘಟನೆಗಳಿದ್ದರೆ ಸಾಧನ ಘಟನೆಗಳ ಕಡೆಗೇ ವಾಲುತ್ತದೆ. "ಅವನು ಎದ್ದು, ಬಾಗಿಲು ತೆರೆದು, ಹೊರಗೆ ನೋಡಿ ಬೆಚ್ಚುತ್ತಾನೆ" ಎಂಬ ಒಂದೇ ವಾಕ್ಯದಲ್ಲಿ ಮೂರು ಚೌಕಗಳಿವೆ. ಪ್ರತಿ ಚೌಕಕ್ಕೆ ನಿಂತುಹೋದ ಒಂದೇ ಕ್ಷಣವನ್ನು ಕೊಡಿ. ಬೆಚ್ಚುವ ಕ್ಷಣ ಬೇಕಿದ್ದರೆ ತೆರೆದ ಬಾಗಿಲು, ಬೆಚ್ಚಿದ ಮುಖ, ಅಷ್ಟೇ. ಎದ್ದದ್ದನ್ನು ಓದುಗ ಊಹಿಸಿಕೊಳ್ಳುತ್ತಾನೆ.

ಎಷ್ಟು ಚೌಕ ಇಟ್ಟರೆ ಒಳ್ಳೆಯದು? ದಿನಪತ್ರಿಕೆಯಲ್ಲಿ ಬರುವ ಹಾಗೆ ಒಂದೇ ಸಾಲಿನಲ್ಲಿ ನಾಲ್ಕು ಇಡಬಹುದೇ?

ಕಾಗದದ ಮೇಲೆ ಇಡಬಹುದು. ಮೊಬೈಲಿನಲ್ಲಿ ಓದುವವರಿಗಾದರೆ ಬೇಡ. 1080 ಪಿಕ್ಸೆಲ್ ಅಗಲದ ಚಿತ್ರದಲ್ಲಿ ನಾಲ್ಕು ಚೌಕ ಒಂದೇ ಸಾಲಿನಲ್ಲಿ ನಿಂತರೆ ಅಂಚು, ಪಟ್ಟಿ ಕಳೆದು ಒಂದೊಂದಕ್ಕೆ ಸಿಗುವುದು ಸುಮಾರು 250 ಪಿಕ್ಸೆಲ್. ಅದರೊಳಗೆ ಒಂದು ಮುಖವನ್ನೂ ನಾಲ್ಕು ಕನ್ನಡ ಪದಗಳನ್ನೂ ಕೂರಿಸಿದರೆ ಓದುಗ ಚಿತ್ರವನ್ನು ಹಿಗ್ಗಿಸಿ ನೋಡಬೇಕಾಗುತ್ತದೆ. ಹಿಗ್ಗಿಸುವವರು ಕಡಿಮೆ. ಅದೇ ನಾಲ್ಕನ್ನು ಎರಡು ಸಾಲಿನಲ್ಲಿ ಎರಡೆರಡಾಗಿ ಇಟ್ಟರೆ ಒಂದೊಂದು ಚೌಕವೂ ಹೆಚ್ಚುಕಡಿಮೆ 500 ಪಿಕ್ಸೆಲ್ ಆಗುತ್ತದೆ.

ಸಂಖ್ಯೆಯ ವಿಚಾರದಲ್ಲಿ ನನ್ನ ಒಲವು ನಾಲ್ಕರ ಕಡೆಗೆ. ಒಂದು ಸನ್ನಿವೇಶ, ಅದರ ಬೆಳವಣಿಗೆ, ಒಂದು ತಿರುವು, ಒಂದು ಮುಗಿತಾಯ ಇಷ್ಟಕ್ಕೆ ನಾಲ್ಕು ಸರಿಯಾಗಿ ಹಿಡಿಯುತ್ತದೆ. ಜಪಾನಿನ ಯೊಂಕೊಮಾ ಎಂಬ ನಾಲ್ಕು ಚೌಕದ ಕಾಮಿಕ್ ಪ್ರಕಾರ ನಿಂತಿರುವುದೂ ಇದೇ ಲೆಕ್ಕದ ಮೇಲೆ. ಮೂರು ಚೌಕ ಒಂದೇ ಏಟಿನ ನಗೆಹನಿಗೆ ಸಾಕು. ಆರಕ್ಕೆ ಹೋದಿರೋ, ಒಂದೇ ಪ್ರಾಂಪ್ಟಿನಲ್ಲಿ ಎಲ್ಲವನ್ನೂ ಸರಿಯಾಗಿ ಪಡೆಯುವ ಆಸೆ ಬಿಡಿ. ಯಾವುದೋ ಒಂದು ಚೌಕದ ವಿವರ ಪಕ್ಕದ್ದಕ್ಕೆ ಸೋರುವುದು ಅಲ್ಲಿಂದಲೇ ಶುರುವಾಗುತ್ತದೆ.

ಪ್ರಾಂಪ್ಟನ್ನು ಕನ್ನಡದಲ್ಲೇ ಬರೆದರೆ ನಡೆಯುತ್ತದೆಯೇ?

ಚಾಟ್ ರೂಪದಲ್ಲಿ ಕೆಲಸ ಮಾಡುವ ಚಾಟ್‌ಜಿಪಿಟಿ, ಜೆಮಿನಿಯಂಥವುಗಳಲ್ಲಿ ನಡೆಯುತ್ತದೆ. ಅವು ಕನ್ನಡವನ್ನು ಅರ್ಥ ಮಾಡಿಕೊಂಡು ಚಿತ್ರಕ್ಕೆ ಬೇಕಾದ ವಿವರಣೆಯನ್ನು ಒಳಗೇ ಸಿದ್ಧಪಡಿಸಿಕೊಳ್ಳುತ್ತವೆ. ಆದರೆ ಸ್ಟೇಬಲ್ ಡಿಫ್ಯೂಷನ್ ಬಗೆಯ, ನಿಮ್ಮ ಕಂಪ್ಯೂಟರಿನಲ್ಲೇ ಓಡುವ ಹಳೆಯ ಮಾದರಿಗಳಿಗೆ ಕನ್ನಡ ತಿಳಿಯದು. ಅಲ್ಲಿ ಇಂಗ್ಲಿಷೇ ಗತಿ. ಯಾವ ಭಾಷೆಯಲ್ಲಿ ಬರೆದರೂ ಶಾಟ್‌ಗಳ ಹೆಸರನ್ನು ಸಿನಿಮಾದವರು ಬಳಸುವ ಹಾಗೆಯೇ ಇಡಿ: ಲಾಂಗ್ ಶಾಟ್, ಮಿಡ್ ಶಾಟ್, ಕ್ಲೋಸಪ್. ಅವುಗಳಿಗೆ ಹೊಸ ಕನ್ನಡ ಪದ ಕಟ್ಟಲು ಹೋದರೆ ಓದುಗರಿಗೂ ತಿಳಿಯದು, ಸಾಧನಕ್ಕೂ ತಿಳಿಯದು.

ಮಾತುಗಳನ್ನೂ ಅದರ ಕೈಯಲ್ಲೇ ಬರೆಸಿಬಿಡಬಹುದಲ್ಲ? ಖಾಲಿ ಜಾಗ ಬಿಡಿಸಿ ಆಮೇಲೆ ತುಂಬುವ ರಗಳೆ ಏಕೆ?

ಒಮ್ಮೆ ಬರೆಸಿ ನೋಡಿ, ಉತ್ತರ ಸಿಗುತ್ತದೆ. ಹೊಸ ಸಾಧನಗಳು ಇಂಗ್ಲಿಷ್ ಅಕ್ಷರಗಳನ್ನು ಬಹುಮಟ್ಟಿಗೆ ಸರಿಯಾಗಿ ಬರೆಯುತ್ತವೆ. ಕನ್ನಡದಲ್ಲಿ ಚಿಕ್ಕ ಪದಗಳು ಕೆಲವೊಮ್ಮೆ ಸರಿ ಬಂದರೂ ಒತ್ತಕ್ಷರ ಬಂದ ಕಡೆ ಎಡವುತ್ತವೆ. "ಕೊಡುತ್ತೇನೆ" ಎಂಬುದರಲ್ಲಿ ತ ಒತ್ತು ಮಾಯವಾಗುತ್ತದೆ, ಇಲ್ಲವೇ ಪಕ್ಕದ ಅಕ್ಷರದ ಕೆಳಗೆ ಹೋಗಿ ಕೂರುತ್ತದೆ. ದೂರದಿಂದ ಕನ್ನಡದ ಹಾಗೆ ಕಾಣುವ, ಹತ್ತಿರ ಹೋದರೆ ಯಾವ ಅಕ್ಷರವೂ ಅಲ್ಲದ ಆಕೃತಿಗಳೂ ಬರುತ್ತವೆ. ಒಂದು ವೇಳೆ ಎಲ್ಲ ಸರಿಯಾಗಿ ಬಂದರೂ, ನಾಳೆ ಒಂದು ಪದ ಬದಲಿಸಬೇಕೆನಿಸಿದರೆ ಇಡೀ ಚಿತ್ರವನ್ನು ಮತ್ತೆ ಮಾಡಿಸಬೇಕು. ಅಕ್ಷರ ನಿಮ್ಮ ಕೈಯಲ್ಲಿರಲಿ. ಸಾಧನದಿಂದ ಜಾಗ ಮಾತ್ರ ಪಡೆಯಿರಿ.

## ಕ್ಯಾಮೆರಾ ಬದಲಿಸುವುದು

ನಾಲ್ಕೂ ಚೌಕದಲ್ಲಿ ಇಬ್ಬರೂ ಫೋಟೊಗೆ ನಿಂತ ಹಾಗೆ ಸೊಂಟದಿಂದ ಮೇಲೆ ಕಾಣುತ್ತಾರೆ. "ಬೇರೆ ಬೇರೆ ಕೋನದಲ್ಲಿ ತೋರಿಸು" ಎಂದರೂ ಕೇಳುವುದಿಲ್ಲ. ಏನು ಮಾಡಲಿ?

"ಬೇರೆ ಬೇರೆ ಕೋನ" ಎಂಬುದು ಯಾವ ಚೌಕಕ್ಕೂ ಸೇರದ ಸೂಚನೆ. ಅದು ಪುಟದ ಮೇಲೆ ತೇಲುತ್ತದೆ, ಯಾವ ಚೌಕವೂ ಅದನ್ನು ತನ್ನದೆಂದು ಎತ್ತಿಕೊಳ್ಳುವುದಿಲ್ಲ. ಮನುಷ್ಯರಿಬ್ಬರು ಮಾತನಾಡುತ್ತಿದ್ದಾರೆ ಎಂದೊಡನೆ ಸಾಧನಕ್ಕೆ ಮೊದಲು ನೆನಪಾಗುವುದು ಸೊಂಟದ ಮೇಲಿನ ಮಿಡ್ ಶಾಟ್. ಬೇರೇನನ್ನೂ ಹೇಳದಿದ್ದರೆ ನಾಲ್ಕು ಸಲವೂ ಅದನ್ನೇ ಕೊಡುತ್ತದೆ.

ಆದ್ದರಿಂದ ಪ್ರತಿ ಚೌಕದ ವಿವರಣೆಯನ್ನು ಶಾಟ್‌ನಿಂದಲೇ ಶುರು ಮಾಡಿ. ಪಾತ್ರವಾಗಲಿ ಕ್ರಿಯೆಯಾಗಲಿ ಅದರ ನಂತರ ಬರಲಿ. ಶಾಟ್‌ನ ಹೆಸರಿನ ಜೊತೆಗೆ, ಆಕೃತಿ ಚೌಕದಲ್ಲಿ ಎಷ್ಟು ಎತ್ತರಕ್ಕೆ ಬರಬೇಕು, ಎಲ್ಲಿ ಕತ್ತರಿಸಿಹೋಗಬೇಕು ಎಂಬುದನ್ನೂ ಹೇಳಿದರೆ ಇನ್ನೂ ಗಟ್ಟಿ. "ಲಾಂಗ್ ಶಾಟ್" ಎಂದಷ್ಟೇ ಬರೆದಾಗ ಆಕೃತಿ ದೊಡ್ಡದಾಗಿಯೇ ಬರುವುದುಂಟು. "ಲಾಂಗ್ ಶಾಟ್, ಮನುಷ್ಯನ ಎತ್ತರ ಚೌಕದ ಎತ್ತರದ ಮೂರನೇ ಒಂದು ಭಾಗ, ಪಾದವೂ ಕಾಣಬೇಕು" ಎಂದಾಗ ತಪ್ಪಿಸಿಕೊಳ್ಳಲು ದಾರಿ ಕಡಿಮೆ. ಪಾದ ಕಾಣಬೇಕು ಎಂಬುದು ಸಣ್ಣ ಮಾತಿನಂತೆ ಕಂಡರೂ ಕೆಲಸ ಮಾಡುವುದು ಅದೇ. ಚಪ್ಪಲಿ ಬರೆಯಬೇಕೆಂದರೆ ಕ್ಯಾಮೆರಾ ಹಿಂದೆ ಸರಿಯಲೇಬೇಕು. ಹಾಗೆಯೇ ಕ್ಲೋಸಪ್‌ನಲ್ಲಿ ಉಟ್ಟ ಪಂಚೆ, ಹಾಕಿದ ಚಪ್ಪಲಿಯ ವರ್ಣನೆ ಇಟ್ಟರೆ ಅವುಗಳನ್ನು ತೋರಿಸುವ ಆತುರದಲ್ಲಿ ಕ್ಯಾಮೆರಾ ಹಿಂದಕ್ಕೆ ಹೋಗಿ ಕ್ಲೋಸಪ್ ಕೆಡುತ್ತದೆ. ಚೌಕದಲ್ಲಿ ಕಾಣದ್ದನ್ನು ಆ ಚೌಕದ ವಿವರಣೆಯಲ್ಲಿ ಬರೆಯಬೇಡಿ.

ನಾಲ್ಕು ಚೌಕಕ್ಕೆ ನಾಲ್ಕು ವಿಚಿತ್ರ ಕೋನ ಬೇಕಿಲ್ಲ. ಒಂದು ದೂರದ್ದು, ಒಂದು ನಡುವಿನದು, ಒಂದು ತೀರ ಹತ್ತಿರದ್ದು, ಕೊನೆಗೆ ಇನ್ನೊಂದು ದೂರದ್ದು ಇದ್ದರೆ ಸಾಕು. ಮುಖವಿಲ್ಲದ ಒಂದು ಚೌಕ ಇಟ್ಟು ನೋಡಿ: ಬರೀ ಕೈ, ಬರೀ ಲೋಟ, ಬರೀ ಬಾಗಿಲ ಚಿಲಕ. ಮುಖಗಳ ಏಕತಾನತೆ ಮುರಿಯುವುದಕ್ಕೂ, ಒಂದೇ ಮುಖವನ್ನು ಮತ್ತೆ ಸರಿಯಾಗಿ ಬರೆಸುವ ತಲೆನೋವು ಒಂದು ಚೌಕದ ಮಟ್ಟಿಗೆ ತಪ್ಪುವುದಕ್ಕೂ ಅದು ಒದಗುತ್ತದೆ.

ಮೊದಲ ಚೌಕದಲ್ಲಿ ಎಡಕ್ಕಿದ್ದವರು ಎರಡನೆಯದರಲ್ಲಿ ಬಲಕ್ಕೆ ಹೋಗಿಬಿಡುತ್ತಾರೆ. ಇದು ದೊಡ್ಡ ತಪ್ಪೇ?

ಮಾತಿಲ್ಲದ ಕಾಮಿಕ್‌ನಲ್ಲಿ ಯಾರೂ ಗಮನಿಸದೆ ಹೋಗಬಹುದು. ಮಾತಿದ್ದರೆ ದೊಡ್ಡ ತಪ್ಪೇ. ಕನ್ನಡವನ್ನು ಎಡದಿಂದ ಬಲಕ್ಕೆ ಓದುತ್ತೇವೆ; ಹಾಗಾಗಿ ಮೊದಲು ಮಾತನಾಡುವವರು ಎಡಕ್ಕಿರಬೇಕು. ಅವರು ಬಲಕ್ಕೆ ಹೋದರೆ ಉತ್ತರ ಮೊದಲು, ಪ್ರಶ್ನೆ ಆಮೇಲೆ ಓದಿಸಿಕೊಳ್ಳುತ್ತದೆ. ಇಲ್ಲವೇ ಬಲೂನುಗಳ ಬಾಲಗಳು ಒಂದರ ಮೇಲೊಂದು ಹಾದು ಗೋಜಲಾಗುತ್ತದೆ. ಪ್ರತಿ ಚೌಕದಲ್ಲೂ "ಕಂಡಕ್ಟರ್ ಎಡಕ್ಕೆ, ತಾತ ಬಲಕ್ಕೆ" ಎಂದು ಮತ್ತೆ ಬರೆಯಿರಿ. ಓದಲು ಬೇಸರವಾದರೂ ಬರೆಯಿರಿ. ಯಾರ ಎಡ ಎಂಬ ಗೊಂದಲವೂ ಬರುತ್ತದೆ, ಆದ್ದರಿಂದ "ಚಿತ್ರದ ಎಡ ಅಂಚಿನ ಬಳಿ" ಎನ್ನುವುದು ಕ್ಷೇಮ.

ಮಾತನಾಡುವವರ ಸರದಿ ಚೌಕದಿಂದ ಚೌಕಕ್ಕೆ ಬದಲಾಗುವುದಿದ್ದರೆ ಪಾತ್ರಗಳನ್ನು ಸ್ಥಳಾಂತರಿಸಬೇಡಿ. ಮೊದಲು ಮಾತನಾಡುವವರ ಬಲೂನನ್ನು ಮೇಲೆ, ಉತ್ತರಿಸುವವರದನ್ನು ಸ್ವಲ್ಪ ಕೆಳಗೆ ಇಟ್ಟರೆ ಕಣ್ಣು ಮೇಲಿನದನ್ನೇ ಮೊದಲು ಓದುತ್ತದೆ.

## ಬಲೂನಿಗೆ ಜಾಗ

"ಬಲೂನಿಗೆ ಜಾಗ ಬಿಡು" ಎಂದರೆ ಬಲೂನನ್ನೇ ಬರೆದು ಕೊಡುತ್ತದೆ. "ಬಲೂನು ಬೇಡ" ಎಂದರೆ ಇನ್ನೂ ಎರಡು ಜಾಸ್ತಿ ಬರುತ್ತವೆ. ಇದಕ್ಕೆ ಪರಿಹಾರವಿದೆಯೇ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಚಿತ್ರ ಸಾಧನಗಳಿಗೆ "ಬೇಡ" ಎಂಬುದು ಬಲಹೀನ ಪದ, "ಬಲೂನು" ಎಂಬುದು ಬಲವಾದ ಪದ. ಎರಡನ್ನೂ ಒಟ್ಟಿಗೆ ಬರೆದರೆ ಗೆಲ್ಲುವುದು ಬಲೂನು. ಹೊಸ ಚಾಟ್ ಸಾಧನಗಳು ಇದರಲ್ಲಿ ಸುಧಾರಿಸಿವೆ, ಆದರೂ ನೆಚ್ಚಿಕೊಳ್ಳುವಷ್ಟಲ್ಲ.

"ಖಾಲಿ" ಎಂಬ ಪದದ ತೊಂದರೆಯೂ ಇಂಥದ್ದೇ. ಖಾಲಿ ಎಂದರೆ ಅಲ್ಲಿ ಏನಿದೆ? ಸಾಧನ ಪ್ರತಿ ಪಿಕ್ಸೆಲ್‌ನಲ್ಲೂ ಏನನ್ನಾದರೂ ಬರೆಯಲೇಬೇಕು. ಏನು ಬರೆಯಬೇಕೆಂದು ನೀವು ಹೇಳದಿದ್ದರೆ ಅದು ಗಡಿಯಾರ ತೂಗುಹಾಕುತ್ತದೆ, ಕ್ಯಾಲೆಂಡರ್ ಅಂಟಿಸುತ್ತದೆ, ಮರದ ಕೊಂಬೆ ಚಾಚುತ್ತದೆ. ಹಾಗಾಗಿ ಆ ಜಾಗವನ್ನು ಯಾವ ಸಪ್ಪೆ ವಸ್ತು ತುಂಬಿದೆ ಎಂದು ಹೆಸರಿಸಿ. "ಮೇಲಿನ ಮೂರನೇ ಒಂದು ಭಾಗದಲ್ಲಿ ಬರೀ ತಿಳಿ ನೀಲಿ ಆಕಾಶ", "ಬಲ ಅರ್ಧದಲ್ಲಿ ಸುಣ್ಣ ಬಳಿದ ಬೋಳು ಗೋಡೆ", "ಪಾತ್ರದ ತಲೆಯ ಮೇಲೆ ಒಂದೇ ಬಣ್ಣದ ಮಂಜು". ಬಲೂನು ಎಂಬ ಪದವನ್ನು ಎತ್ತಲೇಬೇಡಿ. ಸಾಧನಕ್ಕೆ ಅದು ಆಕಾಶ, ನಿಮಗೆ ಅದು ಬಲೂನಿನ ಜಾಗ.

ಇದರ ಜೊತೆಗೆ ತಲೆಯ ಜಾಗವನ್ನೂ ನಿಗದಿ ಮಾಡಬೇಕು. ಆಕಾಶ ಎಂದು ಹೇಳಿದ ಮಾತ್ರಕ್ಕೆ ತಲೆ ಅದರೊಳಗೆ ನುಗ್ಗದೆ ಇರುವುದಿಲ್ಲ. "ತಲೆಯ ತುದಿ ಚೌಕದ ನಡುಗೆರೆಗಿಂತ ಸ್ವಲ್ಪ ಮೇಲಷ್ಟೇ" ಎಂದು ಸೇರಿಸಿದರೆ ಮೇಲಿನ ಭಾಗ ಉಳಿಯುತ್ತದೆ.

ಮಿಡ್‌ಜರ್ನಿಯಲ್ಲಿ ಬೇಡದ್ದನ್ನು ಹೇಳಲು `--no` ಎಂಬ ಪ್ರತ್ಯೇಕ ಸೂಚನೆ ಇದೆ. ಸ್ಟೇಬಲ್ ಡಿಫ್ಯೂಷನ್‌ನಲ್ಲಿ ನೆಗೆಟಿವ್ ಪ್ರಾಂಪ್ಟ್ ಎಂಬ ಬೇರೆ ಪೆಟ್ಟಿಗೆಯೇ ಇದೆ. ಬಲೂನು, ಅಕ್ಷರ ಇವುಗಳ ಹೆಸರನ್ನು ಬರೆಯಬಹುದಾದ ಜಾಗ ಅದು. ಮುಖ್ಯ ವಿವರಣೆಯ ಒಳಗಲ್ಲ.

ಎಷ್ಟು ಜಾಗ ಬಿಡಿಸಬೇಕು ಎಂದು ಮೊದಲೇ ತಿಳಿಯುವುದು ಹೇಗೆ? ನನ್ನ ಮಾತುಗಳು ಯಾವಾಗಲೂ ಚೌಕದಿಂದ ಹೊರಗೆ ಚೆಲ್ಲುತ್ತವೆ.

ಮಾತುಗಳನ್ನು ಮೊದಲು ಬರೆಯಿರಿ, ಪ್ರಾಂಪ್ಟನ್ನು ಆಮೇಲೆ. ಹೆಚ್ಚಿನವರು ಚಿತ್ರ ಮಾಡಿಸಿ, ಅದರ ಚೆಂದಕ್ಕೆ ಮರುಳಾಗಿ, ಆಮೇಲೆ ಸಂಭಾಷಣೆ ಹೊಂದಿಸಲು ಹೆಣಗುತ್ತಾರೆ.

ಲೆಕ್ಕ ಹೀಗಿದೆ. ಚೌಕ 500 ಪಿಕ್ಸೆಲ್ ಅಗಲ, ಅಷ್ಟೇ ಎತ್ತರ ಎಂದುಕೊಳ್ಳಿ. ಮೊಬೈಲಿನಲ್ಲಿ ಸಲೀಸಾಗಿ ಓದಲು ಅಕ್ಷರದ ಅಳತೆ 34 ಪಿಕ್ಸೆಲ್ ಇರಲಿ. "ಇಳಿಯುವಾಗ ಕೊಡುತ್ತೇನೆ" ಎಂಬ ಮಾತು ಎರಡು ಸಾಲಾಗುತ್ತದೆ. ಒಂದೊಂದು ಸಾಲೂ ಸುಮಾರು 170 ಪಿಕ್ಸೆಲ್ ಅಗಲ. ಬಲೂನಿನ ಒಳ ಅಂಚಿಗೆ ಎರಡೂ ಕಡೆ 35ರಷ್ಟು ಬಿಟ್ಟರೆ ಅಗಲ 240. ಎತ್ತರದಲ್ಲಿ ಕನ್ನಡ ಹೆಚ್ಚು ಕೇಳುತ್ತದೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಎರಡು ಸಾಲುಗಳನ್ನು ಇಂಗ್ಲಿಷಿನಷ್ಟು ಹತ್ತಿರ ತರಲಾಗದು. ಒಂದು ಸಾಲಿಗೆ ಅಕ್ಷರದ ಅಳತೆಯ ಒಂದೂವರೆ ಪಟ್ಟು, ಅಂದರೆ 51 ಪಿಕ್ಸೆಲ್ ಕೊಡಿ. ಎರಡು ಸಾಲಿಗೆ 102, ಮೇಲೆ ಕೆಳಗೆ ಅಂಚು ಸೇರಿ 150. ಎರಡೇ ಪದಗಳ ಮಾತು ಚೌಕದ ಅಗಲದ ಅರ್ಧವನ್ನೂ ಎತ್ತರದ ಮೂರನೇ ಒಂದು ಭಾಗವನ್ನೂ ತಿಂದಿತು. ಇಂಥ ಇನ್ನೊಂದು ಮಾತು ಪಕ್ಕದಲ್ಲಿ ಕೂರಬಹುದು. ಮೂರನೆಯದಕ್ಕೆ ಜಾಗವಿಲ್ಲ.

ಕನ್ನಡದ ಇನ್ನೊಂದು ಗುಣ ನೆನಪಿರಲಿ. ಪ್ರತ್ಯಯ ಸೇರಿ ಸೇರಿ ಪದ ಉದ್ದವಾಗುತ್ತದೆ, ನಡುವೆ ಮುರಿಯಲು ಬರುವುದಿಲ್ಲ. "ಹೋಗಬೇಕಾಗಿತ್ತಲ್ಲವೇ" ಎಂಬುದು ಒಂದೇ ಪದ. ಬಲೂನಿನ ಅಗಲವನ್ನು ನಿರ್ಧರಿಸುವುದು ವಾಕ್ಯದ ಉದ್ದವಲ್ಲ, ಅದರಲ್ಲಿರುವ ಅತಿ ಉದ್ದದ ಪದ. ಎತ್ತರದ ತೆಳು ಬಲೂನುಗಳು ಕನ್ನಡಕ್ಕೆ ಹೊಂದುವುದಿಲ್ಲ, ಅಗಲವಾದವು ಹೊಂದುತ್ತವೆ. ಆದ್ದರಿಂದ ಪ್ರಾಂಪ್ಟಿನಲ್ಲಿ ಪಕ್ಕದ ಕಿರಿದಾದ ಪಟ್ಟಿಯನ್ನು ಖಾಲಿ ಬಿಡಿಸುವುದಕ್ಕಿಂತ ಮೇಲಿನ ಇಡೀ ಅಡ್ಡ ಪಟ್ಟಿಯನ್ನು ಬಿಡಿಸುವುದು ಒಳ್ಳೆಯದು. ಲೆಕ್ಕ ಬೇಸರವಾದರೆ 500 ಪಿಕ್ಸೆಲ್‌ನ ಬಿಳಿ ಚೌಕದಲ್ಲಿ ಮಾತನ್ನು ಟೈಪ್ ಮಾಡಿ ನೋಡಿ.

## ಒಂದು ಪೂರ್ತಿ ಉದಾಹರಣೆ

ತುಂಡು ತುಂಡಾಗಿ ಹೇಳಿದ್ದು ಸಾಕು, ಒಂದು ಕಥೆ ಇಟ್ಟುಕೊಂಡು ಪೂರ್ತಿ ಪ್ರಾಂಪ್ಟ್ ತೋರಿಸಿ.

ಬೆಂಗಳೂರಿನ ಬಸ್ಸಿನಲ್ಲಿ ಓಡಾಡಿದವರಿಗೆಲ್ಲ ಗೊತ್ತಿರುವ ಸಂಗತಿ ತೆಗೆದುಕೊಳ್ಳೋಣ. ಚಿಲ್ಲರೆ ಇಲ್ಲದಾಗ ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುತ್ತಾರೆ, ಇಳಿಯುವಾಗ ಕೇಳಿ ಪಡೆಯಬೇಕು. ಮರೆತರೆ ಮುಗಿಯಿತು. ಮೊದಲು ಮಾತುಗಳು:

ಒಂದನೇ ಚೌಕ. ಕಂಡಕ್ಟರ್: "ಯಜಮಾನರೇ, ಚಿಲ್ಲರೆ ಕೊಡಿ." ತಾತ: "ಇರುವುದೇ ಐನೂರರ ನೋಟಪ್ಪ."
ಎರಡನೇ ಚೌಕ. ಕಂಡಕ್ಟರ್: "ಇಳಿಯುವಾಗ ಕೊಡುತ್ತೇನೆ."
ಮೂರನೇ ಚೌಕ. ಮಾತಿಲ್ಲ.
ನಾಲ್ಕನೇ ಚೌಕ. ತಾತ: "ಏ ಕಂಡಕ್ಟರ್! ನಾನೂರ ಎಂಬತ್ತೆರಡು!"

(ತಾತನ ಬದಲು ಅಜ್ಜಿ ಇದ್ದರೆ ಇನ್ನೂ ಚೆನ್ನಾಗಿತ್ತು. ಆದರೆ 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸಿನಲ್ಲಿ ಪ್ರಯಾಣ ಉಚಿತ. ಅಜ್ಜಿ ಐನೂರು ಕೊಟ್ಟರೆ ಓದುಗರು ಬಿಡುವುದಿಲ್ಲ.)

ಈಗ ಚಾಟ್ ಸಾಧನಕ್ಕೆ ಕೊಡುವ ಪ್ರಾಂಪ್ಟ್:

"ಒಂದು ಚದರ ಪುಟ. ಎರಡು ಸಾಲು, ಪ್ರತಿ ಸಾಲಿನಲ್ಲಿ ಎರಡು ಪ್ಯಾನೆಲ್, ನಾಲ್ಕೂ ಒಂದೇ ಅಳತೆ, ನಡುವೆ ಬಿಳಿ ಪಟ್ಟಿ. ಕಪ್ಪು ಗೆರೆ, ಚಪ್ಪಟೆ ಬಣ್ಣಗಳು. ಕಂಡಕ್ಟರ್: ಖಾಕಿ ಸಮವಸ್ತ್ರ, ದಪ್ಪ ಮೀಸೆ, ಹೆಗಲಿಗೆ ಚರ್ಮದ ಚೀಲ. ತಾತ: ಬಿಳಿ ಪಂಚೆ, ಬಿಳಿ ಅಂಗಿ, ಗುಂಡು ಕನ್ನಡಕ, ಬೋಳು ತಲೆ.

ಮೇಲಿನ ಎಡ ಪ್ಯಾನೆಲ್: ಲಾಂಗ್ ಶಾಟ್, ನಗರ ಸಾರಿಗೆ ಬಸ್ಸಿನ ಒಳಗೆ. ಎಡ ಅಂಚಿನ ಬಳಿ ಕಂಡಕ್ಟರ್ ನಿಂತು ಕೈಚಾಚಿದ್ದಾನೆ, ಬಲ ಅಂಚಿನ ಬಳಿ ಸೀಟಿನಲ್ಲಿ ತಾತ ಒಂದು ನೋಟು ಹಿಡಿದಿದ್ದಾರೆ. ಇಬ್ಬರ ತಲೆಯೂ ಪ್ಯಾನೆಲ್‌ನ ಕೆಳಗಿನ ಅರ್ಧದಲ್ಲಿ. ಮೇಲಿನ ಅರ್ಧ ಬಸ್ಸಿನ ತಿಳಿ ಬೂದು ಬಣ್ಣದ ಒಳಛಾವಣಿ.

ಮೇಲಿನ ಬಲ ಪ್ಯಾನೆಲ್: ಕಂಡಕ್ಟರ್ ಒಬ್ಬನೇ, ಎದೆಯಿಂದ ಮೇಲೆ, ಎಡ ಅಂಚಿನ ಬಳಿ. ತಲೆ ತಗ್ಗಿಸಿ ಪುಟ್ಟ ಟಿಕೆಟ್ ಮೇಲೆ ಪೆನ್ನಿನಿಂದ ಬರೆಯುತ್ತಿದ್ದಾನೆ. ಹಿನ್ನೆಲೆ ಪೂರ್ತಿ ಒಂದೇ ತಿಳಿ ಹಳದಿ.

ಕೆಳಗಿನ ಎಡ ಪ್ಯಾನೆಲ್: ತೀರ ಹತ್ತಿರದ ಕ್ಲೋಸಪ್. ಮುದಿ ಬೆರಳುಗಳ ನಡುವೆ ಮಡಚಿದ ಟಿಕೆಟ್, ಪ್ಯಾನೆಲ್ ತುಂಬ ಕೈ. ಮುಖವಿಲ್ಲ.

ಕೆಳಗಿನ ಬಲ ಪ್ಯಾನೆಲ್: ಬಹಳ ದೂರದ ಲಾಂಗ್ ಶಾಟ್, ಎತ್ತರದಿಂದ. ಬಸ್ಸು ಬಲಕ್ಕೆ ಹೋಗುತ್ತಿದೆ. ಎಡ ಕೆಳ ಮೂಲೆಯಲ್ಲಿ ತಾತ ಪುಟ್ಟದಾಗಿ, ಕೈಯೆತ್ತಿ ಓಡುತ್ತಿದ್ದಾರೆ. ಮೇಲಿನ ಅರ್ಧ ಬೋಳು ಆಕಾಶ."

ಮೊದಲ ಚೌಕಕ್ಕೆ ಅರ್ಧ ಜಾಗ ಕೊಟ್ಟದ್ದು ಅಲ್ಲಿ ಎರಡು ಮಾತುಗಳಿವೆ ಎಂಬ ಕಾರಣಕ್ಕೆ. ಮೂರನೆಯದಕ್ಕೆ ಜಾಗವೇ ಬಿಡಿಸಿಲ್ಲ. ಮಾತಿಲ್ಲದ ಚೌಕದಲ್ಲಿ ಮೇಲ್ಭಾಗ ಖಾಲಿ ಇದ್ದರೆ ಬಲೂನು ಹಾಕಲು ಮರೆತಂತೆ ಕಾಣುತ್ತದೆ. ಕೊನೆಯ ಚೌಕದಲ್ಲಿ ಬಸ್ಸು ಬಲಕ್ಕೇ ಹೋಗಬೇಕು. ಓದಿನ ದಿಕ್ಕಿನಲ್ಲೇ ಹೊರಟಿದ್ದರಿಂದ ಅದು ಪುಟದಿಂದ ಹೊರಗೆ ಹೋಗಿಬಿಟ್ಟಂತೆ ಅನಿಸುತ್ತದೆ.

ಇಷ್ಟು ಬರೆದರೆ ಮೊದಲ ಸಲಕ್ಕೇ ಸರಿ ಬರುತ್ತದೆಯೇ?

ಬರುವುದು ಅಪರೂಪ. ಈ ಪ್ರಾಂಪ್ಟಿನಲ್ಲಿ ಎಲ್ಲಿ ಕೆಡುತ್ತದೆ ಎಂದು ಮೊದಲೇ ಹೇಳಬಹುದು. ಮೊದಲ ಚೌಕದ ಒಳಛಾವಣಿ ಬೋಳಾಗಿ ಬರುವುದಿಲ್ಲ. ಬಸ್ಸಿನ ಚಿತ್ರ ಎಂದರೆ ಕಂಬಿ, ಜೋತಾಡುವ ಹಿಡಿಕೆ, ಜಾಹೀರಾತು ಫಲಕ ಇವೆಲ್ಲ ಸಾಧನಕ್ಕೆ ಬಸ್ಸಿನದೇ ಅಂಗಗಳು. ಅವು ನೇರವಾಗಿ ನಿಮ್ಮ ಬಲೂನಿನ ಜಾಗಕ್ಕೆ ಬಂದು ಕೂರುತ್ತವೆ. ಆಗ ಛಾವಣಿಯೊಡನೆ ಜಗಳಕ್ಕೆ ನಿಲ್ಲಬೇಡಿ. ಆ ಸಾಲನ್ನು ತೆಗೆದು "ಸೀಟುಗಳು, ಕಿಟಕಿಯ ಕೆಳಗಿನ ಅಂಚು ಮಾತ್ರ ಕಾಣುತ್ತವೆ, ಅದರ ಮೇಲೆ ಹಿನ್ನೆಲೆ ಪೂರ್ತಿ ಒಂದೇ ತಿಳಿ ಬಣ್ಣ" ಎಂದು ಬದಲಿಸಿ. ಹಿನ್ನೆಲೆಯನ್ನು ಅರ್ಧಕ್ಕೇ ಬಿಟ್ಟುಬಿಡುವುದು ಕಾಮಿಕ್ ಬರೆಯುವವರ ಹಳೆಯ ರೂಢಿ. ಓದುಗರಿಗೆ ಕೊರತೆ ಅನಿಸುವುದಿಲ್ಲ.

ಕೊನೆಯ ಚೌಕದಲ್ಲಿ ಇನ್ನೊಂದು ವಿರೋಧವಿದೆ, ಗಮನಿಸಿದಿರಾ? ಕ್ಯಾಮೆರಾ ಎತ್ತರದಿಂದ ಕೆಳಗೆ ನೋಡುತ್ತಿದೆ ಎಂದೆವು, ಮೇಲಿನ ಅರ್ಧ ಆಕಾಶ ಎಂದೂ ಹೇಳಿದೆವು. ಎತ್ತರದಿಂದ ಕೆಳಗೆ ನೋಡಿದರೆ ಆಕಾಶ ಕಾಣುವುದಿಲ್ಲ, ರಸ್ತೆ ಕಾಣುತ್ತದೆ. ಸಾಧನ ಎರಡರಲ್ಲಿ ಒಂದನ್ನು ಕೈಬಿಡುತ್ತದೆ, ಯಾವುದನ್ನು ಎಂದು ಹೇಳಲಾಗದು. ಇಂಥ ಕಡೆ ಕೋನವನ್ನೇ ಉಳಿಸಿಕೊಂಡು ಆಕಾಶದ ಬದಲು "ಮೇಲಿನ ಅರ್ಧ ಖಾಲಿ ಡಾಂಬರು ರಸ್ತೆ, ತಿಳಿ ಬೂದು" ಎಂದು ಮಾಡಿದರೆ ಸರಿಹೋಗುತ್ತದೆ. ಆದರೆ ಆಗ ಬಸ್ಸು ಕೆಳಗಿನ ಅರ್ಧದ ಬಲಭಾಗಕ್ಕೆ ಬರಬೇಕು, ಅದನ್ನೂ ಬರೆಯಿರಿ. ಶಾಟ್ ಮತ್ತು ಖಾಲಿ ಜಾಗ ಒಂದಕ್ಕೊಂದು ಹೊಂದುತ್ತವೆಯೇ ಎಂದು ಒಮ್ಮೆ ಕಣ್ಣುಮುಚ್ಚಿ ಊಹಿಸಿ ನೋಡಿದರೆ ಇಂಥವು ಕಳುಹಿಸುವ ಮೊದಲೇ ಸಿಕ್ಕಿಬೀಳುತ್ತವೆ.

ಟಿಕೆಟ್ಟಿನ ಹಿಂದಿನ 482 ಎಂಬ ಅಂಕಿಯನ್ನು ಬೇಕೆಂದೇ ಪ್ರಾಂಪ್ಟಿನಲ್ಲಿ ಹಾಕಿಲ್ಲ. ಮೂರನೇ ಚೌಕದ ಟಿಕೆಟ್ ಮೇಲೆ ಅದನ್ನು ನೀವೇ ಬರೆಯಿರಿ, ಸ್ವಲ್ಪ ಓರೆಯಾಗಿ, ಚಲಿಸುವ ಬಸ್ಸಿನಲ್ಲಿ ಬರೆದ ಹಾಗೆ.

## ಸ್ವಲ್ಪ ಪಳಗಿದವರಿಗೆ

ಇಡೀ ಪುಟ ಒಟ್ಟಿಗೆ ಮಾಡಿಸುವುದೋ, ಒಂದೊಂದೇ ಚೌಕ ಮಾಡಿಸಿ ಜೋಡಿಸುವುದೋ?

ವಿನ್ಯಾಸ ಹೇಗೆ ಕಾಣುತ್ತದೆ ಎಂದು ನೋಡಲು ಇಡೀ ಪುಟ. ಪ್ರಕಟಿಸಲು ಒಂದೊಂದೇ ಚೌಕ. ಒಟ್ಟಿಗೆ ಮಾಡಿಸಿದಾಗ ಬಟ್ಟೆ, ಬಣ್ಣ, ಗೆರೆಯ ದಪ್ಪ ನಾಲ್ಕರಲ್ಲೂ ಹೊಂದಿಕೊಂಡಿರುತ್ತವೆ. ಅದು ದೊಡ್ಡ ಲಾಭ. ಆದರೆ 1024 ಪಿಕ್ಸೆಲ್‌ನ ಪುಟದಲ್ಲಿ ಒಂದು ಚೌಕಕ್ಕೆ 500 ಪಿಕ್ಸೆಲ್ ಮಾತ್ರ ಸಿಗುವುದರಿಂದ ಲಾಂಗ್ ಶಾಟ್‌ನ ಮುಖಗಳು ಕಲಸಿಹೋಗುತ್ತವೆ. ಒಂದು ಚೌಕ ಕೆಟ್ಟರೆ ಉಳಿದ ಮೂರೂ ಮತ್ತೆ ಬದಲಾಗುತ್ತವೆ.

ನಾನು ಹೇಳುವ ದಾರಿ ಇದು. ಮೊದಲು ಇಡೀ ಪುಟ ಮಾಡಿಸಿ, ಅದನ್ನು ಕರಡು ಎಂದು ಇಟ್ಟುಕೊಳ್ಳಿ. ಆಮೇಲೆ ಅದನ್ನೇ ಮಾದರಿ ಚಿತ್ರವಾಗಿ ಕೊಟ್ಟು, ಇದೇ ಪಾತ್ರಗಳು, ಇದೇ ಗೆರೆ ಎಂದು ಹೇಳಿ ಒಂದೊಂದೇ ಚೌಕವನ್ನು ದೊಡ್ಡದಾಗಿ ಮಾಡಿಸಿ. ಹೀಗೆ ಮಾಡಿದಾಗ ಚೌಕದ ಸಂಖ್ಯೆಯ ಸಮಸ್ಯೆಯೇ ಉಳಿಯುವುದಿಲ್ಲ. ನಾಲ್ಕು ಮಾಡಿಸಿದರೆ ನಾಲ್ಕೇ ಇರುತ್ತವೆ. ಮಿಡ್‌ಜರ್ನಿಗಾದರೆ ಕೊನೆಯ ಚೌಕದ ಪ್ರಾಂಪ್ಟ್ ಹೀಗಿರಬಹುದು:

```
comic panel, extreme long shot, high angle,
tiny old man in white dhoti running, lower left,
city bus leaving, lower right,
upper half plain grey road, flat colours
--ar 1:1 --no text, speech bubble
```

ಸ್ಟೇಬಲ್ ಡಿಫ್ಯೂಷನ್‌ನಲ್ಲಿ ಇಡೀ ಪುಟದ ಆ ಉದ್ದನೆಯ ಪ್ರಾಂಪ್ಟ್ ಕೊಟ್ಟರೆ ಕೊನೆಯ ಚೌಕವನ್ನು ಓದಿಯೇ ಇಲ್ಲವೆನ್ನುವ ಹಾಗೆ ಬರುತ್ತದೆ. ಏಕೆ?

ನಿಜವಾಗಿಯೂ ಓದಿರುವುದಿಲ್ಲ. ಸ್ಟೇಬಲ್ ಡಿಫ್ಯೂಷನ್ 1.5 ಮತ್ತು ಎಸ್‌ಡಿಎಕ್ಸ್‌ಎಲ್ ಪ್ರಾಂಪ್ಟನ್ನು ಕ್ಲಿಪ್ ಎಂಬ ಭಾಗದ ಮೂಲಕ ಓದುತ್ತವೆ. ಅದಕ್ಕೆ ಒಮ್ಮೆಗೆ ಹಿಡಿಯುವುದು 77 ಟೋಕನ್, ಅಂದರೆ ಪದ ಅಥವಾ ಪದದ ತುಣುಕುಗಳು. ಶುರು ಮತ್ತು ಕೊನೆಯ ಗುರುತು ಕಳೆದರೆ 75. ಇಂಗ್ಲಿಷಿನಲ್ಲಿ ಅದು ಐವತ್ತರಿಂದ ಅರವತ್ತು ಪದ. ಕೆಲವು ತಂತ್ರಾಂಶಗಳು ಉದ್ದದ ಪ್ರಾಂಪ್ಟನ್ನು 75ರ ತುಂಡುಗಳಾಗಿ ಕತ್ತರಿಸಿ ಓದಿಸುತ್ತವೆ, ಆದರೆ ತುಂಡಿನ ನಡುವಿನ ಸಂಬಂಧ ಸಡಿಲವಾಗುತ್ತದೆ. ಕನ್ನಡದಲ್ಲಿ ಬರೆದರೆ ಒಂದು ಅಕ್ಷರಕ್ಕೇ ಹಲವು ಟೋಕನ್ ಖರ್ಚಾಗುವುದರಿಂದ ಒಂದೆರಡು ಸಾಲಿಗೇ ಮುಗಿಯುತ್ತದೆ. ಅಲ್ಲಿ ಒಂದು ಚೌಕಕ್ಕೆ ಒಂದು ಪ್ರಾಂಪ್ಟ್ ಎನ್ನುವುದೊಂದೇ ದಾರಿ. ಶಾಟ್ ಮತ್ತು ಖಾಲಿ ಜಾಗದ ವಿವರಣೆ ಮೊದಲೇ ಬರಲಿ, ಅಂಗಿಯ ಗುಂಡಿಯ ಬಣ್ಣ ಕೊನೆಗಿರಲಿ.

ಜಾಗ ಸರಿಯಾಗಿ ಸಿಕ್ಕಿತು. ಮಾತು ಹಾಕುವಾಗ ಒತ್ತಕ್ಷರಗಳು ಒಡೆದು ಪಕ್ಕಕ್ಕೆ ಬೀಳುತ್ತಿವೆ. ಇದೂ ಪ್ರಾಂಪ್ಟ್‌ನ ತಪ್ಪೇ?

ಅಲ್ಲ, ಅದು ಅಕ್ಷರ ಜೋಡಿಸುವ ತಂತ್ರಾಂಶದ್ದು. ಇಂಕ್‌ಸ್ಕೇಪ್, ಜಿಂಪ್ ಎರಡೂ ಯೂನಿಕೋಡ್ ಕನ್ನಡವನ್ನು ಸರಿಯಾಗಿ ಕೂಡಿಸುತ್ತವೆ, ಎರಡೂ ಉಚಿತ. ಫೋಟೊಶಾಪ್‌ನಲ್ಲಿ ಒಡೆಯುತ್ತಿದ್ದರೆ ಟೈಪ್ ಆದ್ಯತೆಗಳಲ್ಲಿ ಭಾರತೀಯ ಲಿಪಿಗಳಿಗೆ ಹೊಂದುವ ಪಠ್ಯ ಆಯ್ಕೆ ಚಾಲೂ ಇದೆಯೇ ನೋಡಿ, ಆಮೇಲೆ ಮಾತನ್ನು ಹೊಸದಾಗಿ ಟೈಪ್ ಮಾಡಿ. ಹಳೆಯ ನುಡಿ, ಬರಹ ಕಡತಗಳಿಂದ ನಕಲಿಸಿದ ಪಠ್ಯವಾದರೆ ಅದು ಯೂನಿಕೋಡ್ ಆಗಿರದೆ ಇರಬಹುದು. ಮೊದಲು ಪರಿವರ್ತಿಸಿಕೊಳ್ಳಿ. ಫಾಂಟ್ ವಿಚಾರದಲ್ಲಿ "ಬಲೂ ತಮ್ಮ" ಎಂಬುದು ಬಲೂನಿಗೆ ಒಪ್ಪುತ್ತದೆ: ದುಂಡಗೆ, ದಪ್ಪಗೆ, ಉಚಿತ. ಆದರೆ ದಪ್ಪವಾದ್ದರಿಂದ ಹೆಚ್ಚು ಅಗಲ ಕೇಳುತ್ತದೆ. ಜಾಗದ ಲೆಕ್ಕವನ್ನು ನೀವು ಕೊನೆಗೆ ಬಳಸುವ ಫಾಂಟಿನಲ್ಲೇ ಮಾಡಿ, ಇಲ್ಲದಿದ್ದರೆ "ಎಂಬತ್ತೆರಡು" ಬಲೂನಿನ ಗೆರೆ ದಾಟುತ್ತದೆ.